ವಾಟ್ಸಾಪ್‌ನಲ್ಲಿ ಬುಕಿಂಗ್ ಲಿಂಕ್ ಕಳಿಸುವುದು ಹೇಗೆ? ಕೇಳಿದವರಿಗೆ ಬೇಜಾರಾಗದ ಹಾಗೆ

"ಲಿಂಕ್ ಕಳಿಸಿದ್ರೆ ಯಾರೂ ಬುಕ್ ಮಾಡಲ್ಲ. ವಾಪಸ್ ಫೋನ್ ಮಾಡಿ 'ನಾಳೆ ಬರ್ಲಾ?' ಅಂತಾರೆ. ಕೆಲವರು ಮೆಸೇಜ್ ನೋಡಿ ಸುಮ್ನಾಗ್ತಾರೆ." ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕ್ಲಿನಿಕ್, ಪಾರ್ಲರ್, ಸಣ್ಣ ಆಫೀಸು ನಡೆಸುವವರು ಹೆಚ್ಚುಕಡಿಮೆ ಇದೇ ಮಾತು ಹೇಳಿ, ಏನು ಮಾಡಬೇಕು ಎಂದು ಕೇಳುತ್ತಿದ್ದಾರೆ. ಅವರು ಕಳಿಸಿದ ಮೆಸೇಜ್ ತೋರಿಸಿ ಎಂದರೆ ಬಹುತೇಕ ಹೀಗಿರುತ್ತದೆ:

> ನಮಸ್ಕಾರ. ಅಪಾಯಿಂಟ್‌ಮೆಂಟ್‌ಗಾಗಿ ಕೆಳಗಿನ ಲಿಂಕ್ ಕ್ಲಿಕ್ ಮಾಡಿ. ಧನ್ಯವಾದಗಳು.

ಇದರಲ್ಲಿ ಅಗೌರವದ ಮಾತೇನೂ ಇಲ್ಲ. ಆದರೆ ಕೇಳಿದವರ ಪ್ರಶ್ನೆಗೆ ಉತ್ತರವೂ ಇಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಮೊದಲೇ ರಿಜಿಸ್ಟರ್ ಮುಂದಿಟ್ಟ ಹಾಗೆ. ಲಿಂಕ್ ಇರಲಿ. ಅದು ಮೆಸೇಜಿನಲ್ಲಿ ಎಲ್ಲಿ, ಯಾವ ಮಾತಿನ ನಂತರ ಬರಬೇಕು ಎನ್ನುವುದನ್ನು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಶಿವಮೊಗ್ಗದಲ್ಲಿ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ ಎಂದುಕೊಳ್ಳಿ. ಮೇಡಂ ಒಬ್ಬರೇ. ಕೌಂಟರ್‌ನಲ್ಲಿ ಕೂರುವವರು ಯಾರೂ ಇಲ್ಲ. ರೋಗಿಯ ಮಂಡಿ ಹಿಡಿದು ವ್ಯಾಯಾಮ ಮಾಡಿಸುತ್ತಿರುವಾಗ ಫೋನ್ ಎತ್ತಲು ಆಗುವುದಿಲ್ಲ. ಬರುವವರಲ್ಲಿ ಅರ್ಧ ಜನ ಊರಿನವರು, ಉಳಿದವರು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರು. ಇಂಥ ಕಡೆ ಬುಕಿಂಗ್ ಲಿಂಕ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜನ ಮುನಿಸಿಕೊಳ್ಳುವುದೂ ಇಂಥ ಕಡೆಯೇ ಜಾಸ್ತಿ.

ಏನೇನು ಬೇಕು

ಒಂದು ಗೂಗಲ್ ಖಾತೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ದುಡ್ಡು ಕೊಡದೆಯೇ ಒಂದು ಬುಕಿಂಗ್ ಪುಟ ಮಾಡಿಕೊಳ್ಳಬಹುದು. ಬುಕಿಂಗ್ ಪುಟ ಎಂದರೆ ನಿಮ್ಮ ಖಾಲಿ ಸಮಯ ತೋರಿಸುವ, ಬೇರೆಯವರು ಅದರಲ್ಲಿ ಒಂದನ್ನು ಆರಿಸಿಕೊಳ್ಳಬಹುದಾದ ವೆಬ್ ಪುಟ. ಅಲ್ಲಿ ಕಾಣುವ ಒಂದೊಂದು ಖಾಲಿ ಸಮಯಕ್ಕೆ 'ಸ್ಲಾಟ್' ಎನ್ನುತ್ತಾರೆ. ಪುಟವನ್ನು ಕಂಪ್ಯೂಟರ್‌ನಲ್ಲಿ ಕೂತು ಮಾಡುವುದೇ ಸಲೀಸು. ಕ್ಯಾಲೆಂಡರ್ ತೆರೆದು `Create` ಒತ್ತಿ, `Appointment schedule` ಆರಿಸಿ. ಬೇರೆ ಕಂಪನಿಯ ಬುಕಿಂಗ್ ಪುಟ ಈಗಾಗಲೇ ಇದ್ದರೆ ಅದೇ ಸಾಕು. ಕೆಳಗೆ ಹೇಳಿದ್ದರಲ್ಲಿ ಬಹುಪಾಲು ಅದಕ್ಕೂ ಹೊಂದುತ್ತದೆ.

ಇನ್ನೊಂದು, ವಾಟ್ಸಾಪ್ ಬಿಸಿನೆಸ್ ಆ್ಯಪ್. ಅದೂ ಉಚಿತ. ಸಾದಾ ವಾಟ್ಸಾಪ್‌ನಲ್ಲೂ ಕೆಲಸ ನಡೆಯುತ್ತದೆ, ಆದರೆ ಬರೆದಿಟ್ಟ ಉತ್ತರವನ್ನು ಬೇಕಾದಾಗ ತೆಗೆಯುವ ಅನುಕೂಲ ಅದರಲ್ಲಿಲ್ಲ.

1. ಮೊದಲು ನೀವೇ ರೋಗಿಯಾಗಿ ಬುಕ್ ಮಾಡಿ ನೋಡಿ

ಮೆಸೇಜ್ ಎಷ್ಟೇ ಚೆನ್ನಾಗಿ ಬರೆದರೂ ತೆರೆದ ಪುಟ ಗೊಂದಲವಾಗಿದ್ದರೆ ಪ್ರಯೋಜನವಿಲ್ಲ. ಹಾಗಾಗಿ ಲಿಂಕನ್ನು ಮನೆಯವರ ಫೋನಿಗೆ ಕಳಿಸಿ, ಅಲ್ಲಿಂದ ಪೂರ್ತಿ ಬುಕ್ ಮಾಡಿ ನೋಡಿ. ನಿಮ್ಮ ಫೋನಿನಲ್ಲಿ ಬೇಡ, ನಿಮ್ಮ ಖಾತೆ ಅದರಲ್ಲಿ ತೆರೆದೇ ಇರುತ್ತದೆ.

ನೋಡಬೇಕಾದ ಮೊದಲ ವಿಷಯ ಪುಟದ ಹೆಸರು. ಅಲ್ಲಿ ಇಂಗ್ಲಿಷ್‌ನಲ್ಲಿ ಅರ್ಧ ಗಂಟೆಯ ಮೀಟಿಂಗ್ ಎಂದಿದ್ದರೆ ಮಂಡಿ ನೋವಿನವರಿಗೆ ಏನು ಅರ್ಥವಾಗಬೇಕು? ಹೆಸರನ್ನೂ ವಿವರಣೆಯನ್ನೂ ಕನ್ನಡದಲ್ಲೇ ಬರೆಯಬಹುದು. "ಫಿಸಿಯೋಥೆರಪಿ – ಮೊದಲ ಭೇಟಿ (45 ನಿಮಿಷ)" ಎಂದು ಹಾಕಿ. ಕೆಳಗೆ ಕ್ಲಿನಿಕ್ ಇರುವ ರಸ್ತೆ, ಹತ್ತಿರದ ಗುರುತು, ಲಿಫ್ಟ್ ಇದೆಯೋ ಮೆಟ್ಟಿಲು ಹತ್ತಬೇಕೋ ಅನ್ನುವುದು ಇರಲಿ. ಮಂಡಿ ನೋವಿನವರಿಗೆ ಈ ಕೊನೆಯದು ಸಣ್ಣ ವಿಷಯ ಅಲ್ಲ.

ಎರಡನೆಯದು ಫಾರ್ಮ್. ಗೂಗಲ್ ಪುಟ ಹೆಸರು ಮತ್ತು ಇಮೇಲ್ ಕೇಳಿಯೇ ಕೇಳುತ್ತದೆ. ಈ ಇಮೇಲ್ ಜಾಗದಲ್ಲೇ ನಮ್ಮ ಕಡೆ ಹಿರಿಯರು ನಿಂತುಬಿಡುತ್ತಾರೆ. ಫೋನ್ ತಂದುಕೊಟ್ಟ ದಿನ ಮೊಮ್ಮಗ ಮಾಡಿಕೊಟ್ಟ ಇಮೇಲ್ ಯಾರಿಗೆ ನೆನಪಿರುತ್ತದೆ ಹೇಳಿ. ಅದನ್ನು ತೆಗೆಯಲು ಆಗುವುದಿಲ್ಲ, ಹಾಗಾಗಿ ಮೆಸೇಜಿನಲ್ಲೇ ಅದಕ್ಕೊಂದು ದಾರಿ ಮಾಡಬೇಕು. ಅದು 4ನೇ ಹಂತದಲ್ಲಿ ಬರುತ್ತದೆ. ಇದರ ಜೊತೆ ಫೋನ್ ನಂಬರ್ ಕೇಳಿ. ಮತ್ತೆ ನೀವೇ ಬರೆದ ಒಂದೇ ಪ್ರಶ್ನೆ ಸೇರಿಸಿ: "ಚಿಕಿತ್ಸೆ ಯಾರಿಗೆ?" ಬುಕ್ ಮಾಡುವವರು ಮಗನೋ ಸೊಸೆಯೋ ಆಗಿರುತ್ತಾರೆ. ಈ ಪ್ರಶ್ನೆ ಇಲ್ಲದಿದ್ದರೆ ನೀವು ಮೂವತ್ತು ವರ್ಷದ ಹುಡುಗನಿಗೆ ಕಾಯುತ್ತಿರುತ್ತೀರಿ, ಒಳಗೆ ಬರುವವರು ಎಪ್ಪತ್ತರ ಅಜ್ಜಿ. ಕಾಯಿಲೆಯ ವಿವರ, ಹಳೇ ಆಪರೇಷನ್, ವಯಸ್ಸು ಎಲ್ಲವನ್ನೂ ಫಾರ್ಮಿನಲ್ಲಿ ತುಂಬಿಸಲು ಹೋಗಬೇಡಿ. ಅದು ಎದುರು ಕೂತು ಕೇಳುವ ವಿಷಯ.

ಮೂರನೆಯದು ಸಮಯ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಊರು ಇನ್ನೂ ಒಳಗಿದ್ದರೆ ಮೊದಲು ಪೇಟೆಗೆ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕು. ಅಂಥವರಿಗೆ ಬೆಳಿಗ್ಗೆ 9 ಗಂಟೆಯ ಸ್ಲಾಟ್ ತೋರಿಸಿದರೆ ಖಾಲಿ ಇದ್ದರೂ ಇಲ್ಲದ ಹಾಗೆಯೇ. 9ರಿಂದ 10.30 ಊರಿನವರಿಗೆ, 11ರಿಂದ 3 ಹೊರಗಿನವರಿಗೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಸ್ಲಾಟ್ ಇಡಿ. ಎರಡು ಭೇಟಿಗಳ ನಡುವೆ 15 ನಿಮಿಷ ಬಿಡಿ. ಸೆಟ್ಟಿಂಗ್‌ನಲ್ಲಿ ಇದಕ್ಕೆ `Buffer time` ಎಂದಿರುತ್ತದೆ. ಮಳೆಗಾಲದಲ್ಲಿ ಬಸ್ಸು ತಡವಾದಾಗ ಈ ಹದಿನೈದು ನಿಮಿಷವೇ ದಿನವನ್ನು ಕಾಪಾಡುವುದು. ಪುಟದಲ್ಲಿ ಮುಂದಿನ ಎರಡು ವಾರ ಮಾತ್ರ ಕಾಣಲಿ. ಎರಡು ತಿಂಗಳಾಚೆಗೆ ಬುಕ್ ಮಾಡಿದವರು ಅಡಿಕೆ ಕೊಯ್ಲು ಶುರುವಾದರೆ ಬರುವುದಿಲ್ಲ, ಅದನ್ನು ಹೇಳುವುದೂ ಇಲ್ಲ.

2. ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ

ಈಗ ಮೆಸೇಜ್ ಬಂತು ಎಂದುಕೊಳ್ಳಿ:

> ಮೇಡಂ ನಮಸ್ತೆ. ನಮ್ಮ ಅಮ್ಮಂಗೆ ಮಂಡಿ ನೋವು ಜಾಸ್ತಿ ಆಗಿದೆ. ಮೆಟ್ಟಿಲು ಇಳಿಯಕ್ಕೆ ಆಗ್ತಿಲ್ಲ. ತೀರ್ಥಹಳ್ಳಿ ಹತ್ರ ನಮ್ಮೂರು. ಯಾವಾಗ ಕರ್ಕೊಂಡು ಬರ್ಬಹುದು? ಎಷ್ಟಾಗತ್ತೆ?

ಇಲ್ಲಿ ಪ್ರಶ್ನೆ ಎರಡು: ಯಾವಾಗ, ಎಷ್ಟು. ಅದರ ಜೊತೆ ಹೇಳಿಕೊಂಡದ್ದು ಎರಡು: ಅಮ್ಮನಿಗೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ, ಊರು ದೂರ. ಬುಕಿಂಗ್ ಪುಟ 'ಯಾವಾಗ' ಎನ್ನುವ ಒಂದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಉಳಿದ ಮೂರನ್ನು ನೀವೇ ಮುಟ್ಟಬೇಕು. ಲಿಂಕ್ ಒರಟಾಗಿ ಕಾಣುವುದು ಈ ಮೂರನ್ನು ಕೇಳಿಸಿಕೊಳ್ಳದೇ ಕಳಿಸಿದಾಗ.

ಹಾಗಂತ ಉದ್ದ ಬರೆಯಬೇಕಿಲ್ಲ. ಅವರದೇ ಮಾತಿನಿಂದ ಒಂದನ್ನು ಎತ್ತಿಕೊಂಡರೆ ಸಾಕು. "ಮೆಟ್ಟಿಲು ಇಳಿಯುವಾಗ ಜಾಸ್ತಿ ಅಂದ್ರಲ್ಲ" ಎಂದು ಬರೆದ ಕೂಡಲೇ ಇದು ತಾನೇ ತಾನಾಗಿ ಬಂದ ಮೆಸೇಜ್ ಅಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. "ನಿಮ್ಮ ಸಮಸ್ಯೆ ನಮಗೆ ಅರ್ಥವಾಗುತ್ತದೆ" ಎಂಬ ಸಾಲು ಆ ಕೆಲಸ ಮಾಡುವುದಿಲ್ಲ, ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ದುಡ್ಡಿನ ಪ್ರಶ್ನೆಗಂತೂ ನೇರವಾಗಿ ಮೊತ್ತ ಬರೆಯಿರಿ. ಫೀಸು ಕೇಳಿದವರಿಗೆ ಲಿಂಕ್ ಕೊಟ್ಟರೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನಿಸುತ್ತದೆ.

ಕರೆಯುವ ರೀತಿಯೂ ಅವರದೇ ಇರಲಿ. "ಮೇಡಂ ನಮಸ್ತೆ" ಎಂದವರಿಗೆ "ನಮಸ್ತೆ". ಮೊದಲೇ ಪರಿಚಯ ಇದ್ದು ಎದುರಿಗೆ "ಗೌಡ್ರೇ" ಎಂದೋ "ಭಟ್ರೇ" ಎಂದೋ ಕರೆಯುವವರಾದರೆ ಮೆಸೇಜಿನಲ್ಲೂ ಹಾಗೇ ಕರೆಯಿರಿ. ಎದುರಿಗೆ "ಅಕ್ಕಾ" ಎನ್ನುವವರನ್ನು ಮೆಸೇಜಿನಲ್ಲಿ "ಗೌರವಾನ್ವಿತ ಗ್ರಾಹಕರೇ" ಎಂದರೆ ಅಲ್ಲಿಗೆ ಮುಗಿಯಿತು.

3. ಎರಡು ಸಮಯ ನೀವೇ ಹೇಳಿ, ಲಿಂಕ್ ಆಮೇಲೆ

ಈ ಬರಹದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಎಂದರೆ ಇದನ್ನು ಪಾಲಿಸಿ. ಕ್ಯಾಲೆಂಡರ್ ನೋಡಿ, ಅವರಿಗೆ ಹೊಂದಬಹುದಾದ ಎರಡು ಸಮಯವನ್ನು ಮೆಸೇಜಿನಲ್ಲೇ ಬರೆಯಿರಿ. ಅದರಲ್ಲಿ ಒಂದನ್ನು ಆರಿಸಲು ಅವರು ಏನನ್ನೂ ತೆರೆಯಬೇಕಿಲ್ಲ. "ಗುರುವಾರ" ಎಂದು ಒಂದು ಪದ ಹಾಕಿದರೆ ಸಾಕು. ಲಿಂಕ್ ಬರುವುದು "ಎರಡೂ ಆಗದಿದ್ದರೆ" ಎಂಬ ಮಾತಿನ ನಂತರ.

ಯಾಕೆ ಹೀಗೆ? ಬರೀ ಲಿಂಕ್ ಕಳಿಸಿದರೆ ಸಮಯ ಹುಡುಕುವ ಕೆಲಸ ಪೂರ್ತಿ ಅವರ ತಲೆಗೆ ಬೀಳುತ್ತದೆ. ಎರಡು ಸಮಯ ಹೇಳಿದಾಗ ಅರ್ಧ ಕೆಲಸ ನೀವು ಮಾಡಿದ ಹಾಗೆ. ಆಮೇಲೆ ಬರುವ ಅದೇ ಲಿಂಕ್ ಅವರಿಗೆ ಇನ್ನೊಂದು ಆಯ್ಕೆಯಾಗಿ ಕಾಣುತ್ತದೆ. ಮೂರು, ನಾಲ್ಕು ಸಮಯ ಬರೆಯಬೇಡಿ. ಜಾಸ್ತಿಯಾದಷ್ಟೂ ಜನ "ಮನೇಲಿ ಕೇಳಿ ಹೇಳ್ತೀನಿ" ಎನ್ನುತ್ತಾರೆ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ನೀವು ಗುರುವಾರ 11 ಗಂಟೆ ಎಂದು ಬರೆದಿರಿ. ಆದರೆ ಆ ಸ್ಲಾಟ್ ಬುಕಿಂಗ್ ಪುಟದಲ್ಲಿ ಇನ್ನೂ ಖಾಲಿ ಎಂದೇ ಕಾಣುತ್ತಿದೆ. ಅವರು ಸಂಜೆ "ಗುರುವಾರ ಬರ್ತೀವಿ" ಎನ್ನುವಷ್ಟರಲ್ಲಿ ಬೇರೆ ಯಾರೋ ಅದನ್ನು ಹಿಡಿದಿರುತ್ತಾರೆ. ನೀವು ಕೊಟ್ಟ ಮಾತು ಹೋಯಿತು. ಹಾಗಾಗಿ ಮೆಸೇಜ್ ಕಳಿಸುವ ಮೊದಲೇ ಆ ಎರಡೂ ಸಮಯಕ್ಕೆ ಕ್ಯಾಲೆಂಡರ್‌ನಲ್ಲಿ "ಹಿಡಿದಿದೆ – ತೀರ್ಥಹಳ್ಳಿ ಅಮ್ಮ" ಎಂದು ಒಂದು ಸಾಲು ಹಾಕಿ. ಕ್ಯಾಲೆಂಡರ್‌ನಲ್ಲಿ ಬೇರೆ ಕೆಲಸ ಇರುವ ಸಮಯವನ್ನು ಬುಕಿಂಗ್ ಪುಟ ತೋರಿಸುವುದಿಲ್ಲ. ಎಷ್ಟು ಹೊತ್ತು ಹಿಡಿದಿಡುತ್ತೀರಿ ಎನ್ನುವುದನ್ನು ಮೆಸೇಜಿನಲ್ಲೇ ಹೇಳಿ. ಇವತ್ತು ರಾತ್ರಿ 8ರವರೆಗೆ ಎಂದರೆ ಯಾರಿಗೂ ತೊಂದರೆಯಿಲ್ಲ. ಎಂಟಾದ ಮೇಲೆ ಅಳಿಸಿಬಿಡಿ.

4. ಲಿಂಕ್‌ನ ಸುತ್ತ ಏನು ಬರೆಯಬೇಕು

ಮದುವೆ ಕರೆಯೋಲೆ ಎಂದು, ಟ್ರಾಫಿಕ್ ಚಲನ್ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ ನಿಮಗೂ ಗೊತ್ತಿರುತ್ತದೆ. (ಎಪಿಕೆ ಎಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್.) "ಗೊತ್ತಿಲ್ಲದ ಲಿಂಕ್ ಒತ್ತಬೇಡಿ" ಎಂದು ಮಕ್ಕಳು ಅಪ್ಪ ಅಮ್ಮನಿಗೆ ಹೇಳಿಯೇ ಇಟ್ಟಿರುತ್ತಾರೆ. ಒಳ್ಳೆಯದೇ. ಆದ್ದರಿಂದ ನಿಮ್ಮ ಲಿಂಕ್ ಒತ್ತದೇ ಇದ್ದವರು ದಡ್ಡರಲ್ಲ, ಹುಷಾರಾಗಿದ್ದಾರೆ ಅಷ್ಟೆ. ಒತ್ತಿದರೆ ಏನು ತೆರೆಯುತ್ತದೆ, ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎನ್ನುವ ಮೂರನ್ನೂ ಲಿಂಕ್‌ಗೆ ಮೊದಲೇ ಹೇಳಿಬಿಡಿ. ಪೂರ್ತಿ ಮೆಸೇಜ್ ಹೀಗಿರಬಹುದು:

> ನಮಸ್ತೆ. ಅಮ್ಮಂಗೆ ಮೆಟ್ಟಿಲು ಇಳಿಯುವಾಗ ಜಾಸ್ತಿ ಅಂದ್ರಲ್ಲ, ಒಮ್ಮೆ ನೋಡಿಯೇ ಹೇಳ್ಬೇಕು. ಮೊದಲ ಸಲ ಮುಕ್ಕಾಲು ಗಂಟೆ ಬೇಕಾಗುತ್ತೆ, 500 ರೂಪಾಯಿ. ಹಳೇ ಎಕ್ಸ್‌ರೇ ಇದ್ರೆ ತನ್ನಿ. ಕ್ಲಿನಿಕ್ ಕೆಳಗಿನ ಮಹಡೀಲೇ ಇದೆ, ಹತ್ತೋದು ಬೇಡ.
>
> ಬೆಳಿಗ್ಗೆ ಬಸ್ಸಿಗೆ ಹೊರಟ್ರೆ ಸಿಗೋ ಹಾಗೆ ಗುರುವಾರ 11 ಗಂಟೆ, ಶನಿವಾರ 11.30 ಎರಡನ್ನೂ ನಿಮಗೆ ಅಂತ ಇಟ್ಟಿದ್ದೀನಿ. ಇವತ್ತು ರಾತ್ರಿ 8ರೊಳಗೆ ಯಾವುದು ಅಂತ ಹೇಳಿ, ನಾನೇ ಬರ್ಕೊತೀನಿ.
>
> ಎರಡೂ ಆಗಲ್ಲ ಅಂದ್ರೆ ಮುಂದಿನ ಎರಡು ವಾರದಲ್ಲಿ ಖಾಲಿ ಇರೋ ಸಮಯ ಎಲ್ಲಾ ಈ ಪುಟದಲ್ಲಿ ಕಾಣುತ್ತೆ. ಹೆಸರು, ಫೋನ್ ನಂಬರ್, ಇಮೇಲ್, ಚಿಕಿತ್ಸೆ ಯಾರಿಗೆ, ಇಷ್ಟೇ ಕೇಳೋದು. ದುಡ್ಡು, ಒಟಿಪಿ ಏನೂ ಇಲ್ಲ.
>
> `https://calendar.app.google/…`
>
> ಇಮೇಲ್ ಇಲ್ಲ, ಪುಟ ತೆರೀತಿಲ್ಲ ಅಂದ್ರೆ ಇಲ್ಲೇ ಒಂದು ವಾಯ್ಸ್ ಮೆಸೇಜ್ ಹಾಕಿ, ಸಾಕು.

ಕೊನೆಯ ಸಾಲು ಲಿಂಕ್‌ನ ಕೆಳಗೆ ಇರುವುದನ್ನು ಗಮನಿಸಿ. ಮೆಸೇಜ್ ಲಿಂಕ್‌ನಲ್ಲೇ ಮುಗಿದರೆ "ಇಷ್ಟೇ, ಇನ್ನು ನಿಮ್ಮ ಪಾಡು" ಎಂದ ಹಾಗಾಗುತ್ತದೆ. ಮನುಷ್ಯರ ಮಾತಿನಲ್ಲಿ ಮುಗಿಯಲಿ. ಇಮೇಲ್ ಇಲ್ಲದವರಿಗೆ ಬೇಕಾದ ದಾರಿಯೂ ಅದೇ ಸಾಲಿನಲ್ಲಿದೆ.

ಕನ್ನಡದಲ್ಲಿ ಬರೆಯುವವರಿಗೇ ಆಗುವ ಒಂದು ತೊಂದರೆ ಇದೆ. ಲಿಂಕ್‌ಗೆ "ನಲ್ಲಿ", "ಗೆ" ಎಂದು ಏನನ್ನೂ ಅಂಟಿಸಬೇಡಿ. ಅಂಟಿಸಿದರೆ ಆ ಅಕ್ಷರವೂ ವಿಳಾಸದ ಭಾಗವೇ ಎಂದು ಫೋನ್ ತಿಳಿದುಕೊಳ್ಳಬಹುದು, ಪುಟ ಸಿಗುವುದಿಲ್ಲ. ನಿಮ್ಮ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ಅದಕ್ಕೇ ಇದು ಬೇಗ ಗೊತ್ತಾಗುವುದಿಲ್ಲ. ಲಿಂಕ್ ಒಂದೇ ಸಾಲಿನಲ್ಲಿ, ಒಂಟಿಯಾಗಿ ಇರಲಿ. ಅದನ್ನು ಇನ್ನಷ್ಟು ಚಿಕ್ಕದು ಮಾಡುವ ಸೇವೆಗಳೂ ಬೇಡ. ವಿಳಾಸದಲ್ಲಿ ಗೂಗಲ್ ಎಂಬ ಗುರುತು ಕಂಡರೆ ಸ್ವಲ್ಪವಾದರೂ ನಂಬಿಕೆ ಬರುತ್ತದೆ, ಚಿಕ್ಕದು ಮಾಡಿದರೆ ಅದೂ ಮುಚ್ಚಿಹೋಗುತ್ತದೆ.

ನಿಮ್ಮ ನಂಬರ್ ಉಳಿಸಿಕೊಳ್ಳದವರಿಗೆ ನೀವಾಗಿಯೇ ಮೊದಲ ಮೆಸೇಜ್ ಕಳಿಸಿದರೆ ಅವರ ಫೋನಿನಲ್ಲಿ ಲಿಂಕ್ ಒತ್ತಲು ಬಾರದೇ ಇರಬಹುದು. ಅಪರಿಚಿತ ನಂಬರ್‌ಗಳ ವಿಷಯದಲ್ಲಿ ವಾಟ್ಸಾಪ್ ಇಟ್ಟಿರುವ ಕಾವಲು ಅದು. ಅವರು ಒಂದು ಮಾತು ಉತ್ತರ ಬರೆದ ಮೇಲೆ ಲಿಂಕ್ ಕಳಿಸಿ.

5. ಮಾತಲ್ಲಿ ಬಂದದ್ದನ್ನೂ ಕ್ಯಾಲೆಂಡರ್‌ಗೆ ಹಾಕಿ

"ಇಲ್ಲೇ ಹೇಳಿ, ಬರ್ಕೊತೀನಿ" ಎಂದ ಮೇಲೆ ಬರೆದುಕೊಳ್ಳಲೇಬೇಕು. ಅದೂ ಕ್ಯಾಲೆಂಡರ್‌ನಲ್ಲಿ. ಡೈರಿಯಲ್ಲಿ ಮಾತ್ರ ಬರೆದರೆ ಬುಕಿಂಗ್ ಪುಟಕ್ಕೆ ಅದು ಹೇಗೆ ತಿಳಿಯಬೇಕು? ವಾಯ್ಸ್ ಮೆಸೇಜಿನಲ್ಲಿ ಗುರುವಾರ 11 ಎಂದವರೂ ಬರುತ್ತಾರೆ, ಪುಟದಲ್ಲಿ ಗುರುವಾರ 11 ಹಿಡಿದವರೂ ಬರುತ್ತಾರೆ. ಇಬ್ಬರಲ್ಲಿ ಒಬ್ಬರು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂರಬೇಕು. ಆಮೇಲೆ ಅವರು ಲಿಂಕನ್ನು ಎಂದೂ ನಂಬುವುದಿಲ್ಲ.

ಹಿಡಿದಿಟ್ಟ ಸಾಲನ್ನೇ ತೆರೆದು ಹೆಸರು, ಫೋನ್ ನಂಬರ್ ಬರೆದರೆ ಆಯಿತು. ಬೇಡವಾದ ಇನ್ನೊಂದನ್ನು ಆಗಲೇ ಅಳಿಸಿ.

ರಜೆ ಹಾಕುವಾಗಲೂ ಎಚ್ಚರ ಬೇಕು. ಗೂಗಲ್ ಕ್ಯಾಲೆಂಡರ್‌ನಲ್ಲಿ ಇಡೀ ದಿನದ ಸಾಲು ಹಾಕಿದರೆ ಅದು ತಾನಾಗಿ `Free` ಎಂದು ಗುರುತಾಗುತ್ತದೆ. ಅಂದರೆ ಆ ದಿನ ನೀವು ಖಾಲಿ ಇದ್ದೀರಿ ಎಂದೇ ಲೆಕ್ಕ. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬ ಜಾತ್ರೆಗೆ ನೀವು "ಜಾತ್ರೆ, ರಜೆ" ಎಂದು ಇಡೀ ದಿನ ಹಾಕಿ ನಿಶ್ಚಿಂತೆಯಾಗಿ ಇರುತ್ತೀರಿ. ಪುಟ ಮಾತ್ರ ಬುಕಿಂಗ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಸಾಗರದಿಂದ ಬಂದವರು ಮುಚ್ಚಿದ ಬಾಗಿಲು ನೋಡಿ ಹೋಗಬೇಕಾಗುತ್ತದೆ. ಆ ಸಾಲನ್ನು ತೆರೆದು `Busy` ಎಂದು ಬದಲಿಸಿ. ಆಮೇಲೆ ಬೇರೆ ಫೋನಿನಲ್ಲಿ ಪುಟ ತೆರೆದು, ಆ ದಿನ ನಿಜಕ್ಕೂ ಮಾಯವಾಗಿದೆಯೇ ನೋಡಿ.

6. ಬರೆದಿಟ್ಟ ಉತ್ತರ, ಆದರೆ ಅರ್ಧ ಮಾತ್ರ

ಪ್ರತಿ ಸಲ ಇಷ್ಟುದ್ದ ಟೈಪ್ ಮಾಡಲು ಯಾರಿಗೂ ಪುರುಸೊತ್ತಿಲ್ಲ. ವಾಟ್ಸಾಪ್ ಬಿಸಿನೆಸ್‌ನಲ್ಲಿ `Quick replies` ಎಂಬ ಸೌಲಭ್ಯವಿದೆ. ಒಂದು ಉತ್ತರವನ್ನು ಬರೆದು ಅದಕ್ಕೊಂದು ಚಿಕ್ಕ ಹೆಸರು ಕೊಟ್ಟರೆ, ಮೆಸೇಜ್ ಜಾಗದಲ್ಲಿ `/` ಒತ್ತಿ ಆ ಹೆಸರು ಆರಿಸಿದ ಕೂಡಲೇ ಪೂರ್ತಿ ಉತ್ತರ ಬರುತ್ತದೆ. ಮೇಲಿನ ಮೆಸೇಜಿನಲ್ಲಿ "ಎರಡೂ ಆಗಲ್ಲ ಅಂದ್ರೆ" ಎಂಬಲ್ಲಿಂದ ಕೊನೆಯವರೆಗೆ ಮಾತ್ರ ಹೀಗೆ ಇಟ್ಟುಕೊಳ್ಳಿ. ಅಮ್ಮನ ಮಂಡಿ, ಬಸ್ಸು, ಎರಡು ಸಮಯ, ಇವನ್ನು ಪ್ರತಿ ಸಲ ಹೊಸದಾಗಿಯೇ ಬರೆಯಿರಿ. ಮೊದಲ ಭಾಗವನ್ನೂ ಅಚ್ಚು ಹಾಕಿಟ್ಟರೆ ಸೊಂಟ ನೋವು ಎಂದವರಿಗೂ ಮೆಟ್ಟಿಲಿನ ಮಾತು ಹೋಗುವ ದಿನ ಬಂದೇ ಬರುತ್ತದೆ.

`Greeting message` ಎಂಬ ಇನ್ನೊಂದಿದೆ. ಯಾರಾದರೂ ಮೊದಲ ಸಲ, ಅಥವಾ 14 ದಿನ ಮಾತಿಲ್ಲದೇ ಇದ್ದು ಮತ್ತೆ, ಮೆಸೇಜ್ ಮಾಡಿದಾಗ ತಾನಾಗಿ ಹೋಗುವ ಸ್ವಾಗತದ ಮಾತು ಅದು. ಅದರಲ್ಲಿ ಬುಕಿಂಗ್ ಲಿಂಕ್ ಹಾಕಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರು ವಾರದ ಹಿಂದೆ ಬಂದು ಹೋದವರು "ನೋವು ವಾಪಸ್ ಬಂತು ಮೇಡಂ" ಎಂದು ಬರೆದ ಮರುಕ್ಷಣ "ಸ್ವಾಗತ, ಬುಕ್ ಮಾಡಲು ಇಲ್ಲಿ ಒತ್ತಿ" ಎಂದು ಹೋದರೆ ಹೇಗಿರುತ್ತದೆ, ಅಲ್ವಾ? ಅಲ್ಲಿ ಇಷ್ಟು ಸಾಕು: "ನಮಸ್ತೆ. ಈಗ ರೋಗಿಯನ್ನು ನೋಡ್ತಾ ಇರಬಹುದು. ಮಧ್ಯಾಹ್ನ 1.30ಕ್ಕೆ, ಸಂಜೆ 6ಕ್ಕೆ ಮೆಸೇಜ್ ನೋಡಿ ಉತ್ತರ ಕೊಡ್ತೀನಿ." ಹೇಳಿದ ಹೊತ್ತಿಗೆ ಕೊಡಿ.

7. ಲಿಂಕ್ ಕಳಿಸಲೇಬಾರದ ಸಂದರ್ಭಗಳು

ಬಿದ್ದು ಪೆಟ್ಟಾಗಿದೆ, ಕಾಲು ಊತ ಬಂದಿದೆ, ಆಪರೇಷನ್ ಆಗಿ ಎರಡೇ ದಿನ ಎಂದವರಿಗೆ ಲಿಂಕ್ ಬೇಡ. ಫೋನ್ ಮಾಡಿ. ಅವರು ಮೊದಲು ಬೇರೆ ಡಾಕ್ಟರ ಹತ್ತಿರ ಹೋಗಬೇಕಾದವರೂ ಆಗಿರಬಹುದು, ಅದನ್ನು ಸ್ಲಾಟ್ ಹೇಳುವುದಿಲ್ಲ. ಹೋದ ಸಲದ ಬಗ್ಗೆ ದೂರು ಹೇಳುತ್ತಿರುವವರಿಗೂ ಕಳಿಸಬೇಡಿ. ವಾಯ್ಸ್ ಮೆಸೇಜ್ ಮಾತ್ರ ಕಳಿಸುವ ಹಿರಿಯರಿಗೆ ವಾಯ್ಸ್‌ನಲ್ಲೇ ಎರಡು ಸಮಯ ಹೇಳಿ. ಅಲ್ಲಿ ಲಿಂಕ್‌ನ ಸುದ್ದಿಯೇ ಬೇಕಿಲ್ಲ.

ಹೊರದೇಶದಲ್ಲಿರುವ ಮಗನೋ ಮಗಳೋ ಊರಿನ ಅಪ್ಪ ಅಮ್ಮನಿಗಾಗಿ ಬುಕ್ ಮಾಡುವುದು ಈಗ ಸಾಮಾನ್ಯ. ಅವರಿಗೆ ಲಿಂಕ್ ಒಳ್ಳೆಯದೇ, ನಮ್ಮ ರಾತ್ರಿ ಹೊತ್ತಿನಲ್ಲೂ ಬುಕ್ ಮಾಡಬಹುದು. ಆದರೆ ಪುಟ ಸಮಯವನ್ನು ನೋಡುವವರ ದೇಶದ ಗಡಿಯಾರದಲ್ಲಿ ತೋರಿಸುತ್ತದೆ. ದುಬೈನಲ್ಲಿರುವ ಮಗನಿಗೆ ನಮ್ಮ 11 ಗಂಟೆಯ ಸ್ಲಾಟ್ 9.30 ಎಂದು ಕಾಣುತ್ತದೆ. ಬುಕಿಂಗ್ ಸರಿಯಾಗೇ ಆಗುತ್ತದೆ, ಅವನು ಅಮ್ಮನಿಗೆ ಫೋನ್ ಮಾಡಿ "ಒಂಬತ್ತೂವರೆಗೆ ಹೋಗು" ಎನ್ನುವಾಗ ತಪ್ಪುತ್ತದೆ. ಇಂಥವರಿಗೆ ಒಂದು ಸಾಲು ಜಾಸ್ತಿ ಬರೆಯಿರಿ: "ಪುಟದಲ್ಲಿ ನಿಮ್ಮ ಕಡೆಯ ಸಮಯ ಕಾಣಬಹುದು. ಬುಕ್ ಆದ ಮೇಲೆ ಭಾರತದ ಸಮಯ ಎಷ್ಟು ಅಂತ ನಾನೇ ತಿಳಿಸ್ತೀನಿ."

8. ಉತ್ತರ ಬಾರದಿದ್ದರೆ

ಒಂದು ದಿನ ಕಳೆದರೂ ಬುಕಿಂಗ್ ಇಲ್ಲ, ಮಾತೂ ಇಲ್ಲ ಎಂದರೆ ಅದೇ ಲಿಂಕನ್ನು ಮತ್ತೆ ಕಳಿಸಬೇಡಿ. ಎರಡನೇ ಸಲ ಬಂದ ಲಿಂಕ್ ಸಾಲದ ಬಾಕಿ ನೆನಪಿಸಿದ ಹಾಗೆ ಕಾಣುತ್ತದೆ. ಮಳೆಗಾಲವಾದರೆ ಎರಡು ದಿನ ಕಾಯಿರಿ, ಕರೆಂಟು ನೆಟ್‌ವರ್ಕ್ ಎರಡೂ ಹೋಗಿ ಮೆಸೇಜೇ ತಲುಪಿರುವುದಿಲ್ಲ. ಒಂದೇ ಟಿಕ್ ಇದ್ದರೆ ಮೆಸೇಜ್ ಇನ್ನೂ ತಲುಪಿಲ್ಲ ಎಂದರ್ಥ. ನೀಲಿ ಟಿಕ್ ಬಂದೂ ಸುಮ್ಮನಿದ್ದರೆ ಹೀಗೆ ಕೇಳಿ: "ಅಮ್ಮಂಗೆ ಈಗ ಹೇಗಿದೆ? ಮುಂದಿನ ವಾರ ಬರೋದಾದ್ರೆ ಯಾವ ದಿನ ಅನುಕೂಲ ಅಂತ ಹೇಳಿ, ನಾನೇ ಸಮಯ ನೋಡ್ತೀನಿ." ಇದಕ್ಕೂ ಉತ್ತರ ಇಲ್ಲ ಎಂದರೆ ಬಿಟ್ಟುಬಿಡಿ.

ಎಲ್ಲಿ ಎಡವಟ್ಟಾಗುತ್ತಿದೆ ಎಂದು ಉತ್ತರಗಳಲ್ಲೇ ಗೊತ್ತಾಗುತ್ತದೆ. ಲಿಂಕ್ ಹೋದ ಐದು ನಿಮಿಷದಲ್ಲಿ ಫೋನ್ ಬಂದರೆ ಪುಟ ತೆರೆದು ಎಲ್ಲೋ ನಿಂತಿದ್ದಾರೆ, ಬಹುಶಃ ಇಮೇಲ್ ಜಾಗದಲ್ಲಿ. "ನೀವೇ ಹೇಳಿ ಮೇಡಂ" ಎಂದು ಬಂದರೆ ಎರಡು ಸಮಯ ಹೇಳುವುದನ್ನು ಮರೆತಿದ್ದೀರಿ, ಅಥವಾ ಅದು ಉದ್ದ ಮೆಸೇಜಿನಲ್ಲಿ ಹೂತುಹೋಗಿದೆ. "ಇದು ನಿಮ್ದೇನಾ?" ಎಂದು ಕೇಳಿದರೆ ಲಿಂಕ್‌ಗೆ ಮೊದಲಿನ ವಿವರ ಸಾಲದು.

9. ಬುಕ್ ಆದ ಮೇಲೆ ಒಂದು ಮೆಸೇಜ್

ಪುಟದಲ್ಲಿ ಬುಕ್ ಮಾಡಿದವರಿಗೆ ಗೂಗಲ್‌ನಿಂದ ಖಚಿತಪಡಿಸುವ ಪತ್ರ ಹೋಗುವುದು ಇಮೇಲ್‌ಗೆ. ವಾಟ್ಸಾಪ್‌ಗೆ ಏನೂ ಬರುವುದಿಲ್ಲ. ಇಮೇಲ್ ತೆರೆದೇ ನೋಡದವರಿಗೆ ಬುಕ್ ಆಯಿತೋ ಇಲ್ಲವೋ ಗೊತ್ತಾಗದೆ ಮತ್ತೆ ಫೋನ್ ಮಾಡುತ್ತಾರೆ. ನಿಮಗೆ ಸೂಚನೆ ಬಂದ ಕೂಡಲೇ, ಇಲ್ಲವೇ ಆ ದಿನ ಸಂಜೆಯೊಳಗೆ, ಇಷ್ಟು ಬರೆಯಿರಿ:

> ಮಂಗಳವಾರ 11.45 ಬರ್ಕೊಂಡಿದ್ದೀನಿ, ಅಮ್ಮಂಗೆ. ಬಸ್ಸು ತಡ ಆದ್ರೆ ದಾರೀಲೇ ಒಂದು ಮೆಸೇಜ್ ಹಾಕಿ. ಬರಕ್ಕೆ ಆಗ್ಲಿಲ್ಲ ಅಂದ್ರೂ ಹೇಳಿ, ಬೇರೆ ದಿನ ಕೊಡ್ತೀನಿ.

ಬದಲಾಯಿಸಬೇಕಾದಾಗಲೂ ಪುಟಕ್ಕೆ ಹೋಗಿ ಮಾಡಿ ಎನ್ನಬೇಡಿ. ರದ್ದು ಮಾಡುವ ದಾರಿ ಆ ಇಮೇಲ್‌ನಲ್ಲಿ ಇರುತ್ತದೆ, ಹುಡುಕುವುದು ಅವರಿಗೆ ಕಷ್ಟ. ಅವರು "ಬುಧವಾರ ಆಗುತ್ತಾ?" ಎಂದರೆ ನೀವೇ ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಹಳೆಯದನ್ನು ತೆಗೆದಾಗ ರದ್ದಾಯಿತು ಎಂಬ ಇಮೇಲ್ ಅವರಿಗೆ ಹೋಗಬಹುದು, ಮಕ್ಕಳು ಅದನ್ನು ನೋಡಿ ಗಾಬರಿಯಾಗುತ್ತಾರೆ. "ರದ್ದು ಅಂತ ಒಂದು ಇಮೇಲ್ ಬರಬಹುದು, ಅದು ಹಳೇ ಸಮಯದ್ದು. ಬುಧವಾರ 11 ಖಾಯಂ" ಎಂದು ಮೊದಲೇ ಹೇಳಿಡಿ.